ಹಳೇ ಕ್ಲಾಸ್‌ಮೇಟ್‌ಗಳ ಸಮ್ಮಿಲನಕ್ಕೆ ‘ಬರಲ್ಲ’ ಅಂತ ಹೇಳುವುದು ಹೇಗೆ

2024ರ ಅಕ್ಟೋಬರಿನ ಒಂದು ರಾತ್ರಿ ಹತ್ತೂವರೆ ಹೊತ್ತಿಗೆ ನನ್ನ ಫೋನು ಬಿಡದೆ ಟಿಣ್‌ಗುಟ್ಟತೊಡಗಿತು. ನೋಡಿದರೆ ‘ಎಸ್ಸೆಸ್ಸೆಲ್ಸಿ 97 ಬ್ಯಾಚ್’ ಅನ್ನುವ ವಾಟ್ಸಾಪ್ ಗ್ರೂಪಿಗೆ ಯಾರೋ ನನ್ನನ್ನು ಸೇರಿಸಿದ್ದರು. ಒಳಗೆ ಆಗಲೇ ಐವತ್ತಕ್ಕೂ ಹೆಚ್ಚು ನಂಬರುಗಳಿದ್ದವು. ಡಿಸೆಂಬರ್ 29ರ ಭಾನುವಾರ ನಮ್ಮೂರಿನ ಹೈಸ್ಕೂಲಿನಲ್ಲಿ ಗುರುವಂದನೆ ಮತ್ತು ಸ್ನೇಹ ಸಮ್ಮಿಲನ, ತಲೆಗೆ ಇಷ್ಟು ವಂತಿಗೆ, ಟೀ ಶರ್ಟಿಗೆ ಅಳತೆ ಕಳಿಸಿ. ಇಪ್ಪತ್ತೇಳು ವರ್ಷದಲ್ಲಿ ಇವರಲ್ಲಿ ಒಬ್ಬರ ಹತ್ತಿರವೂ ನಾನು ಮಾತಾಡಿರಲಿಲ್ಲ. ಹೋಗುವ ಮನಸ್ಸೂ ನನಗಿರಲಿಲ್ಲ.

ಕೊನೆಗೆ ನಾನು ಹೋಗಲಿಲ್ಲ. ಆದರೆ ಅದನ್ನು ಹೇಳಿದ ರೀತಿಯಿಂದ ಯಾರ ಮನಸ್ಸೂ ಮುರಿಯಲಿಲ್ಲ. ಮೊದಲ ವಾರ ನಾನು ಮಾಡಿದ ಒಂದು ತಪ್ಪನ್ನೂ ಸೇರಿಸಿ, ಏನೇನು ಮಾಡಿದೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಗ್ರೂಪಿನಿಂದ ಆ ರಾತ್ರಿಯೇ ಹೊರಬೀಳಬೇಡಿ

ಕೈ ಮೊದಲು ಹೋಗುವುದೇ ಎಕ್ಸಿಟ್ ಬಟನ್ನಿಗೆ. ತಡೆಯಿರಿ. ಈಗ ಗ್ರೂಪ್ ಬಿಟ್ಟರೆ ಅಡ್ಮಿನ್‌ಗಳಿಗೆ ಮಾತ್ರ ಗೊತ್ತಾಗುತ್ತದೆ ಅನ್ನುವುದು ನಿಜ. ಆದರೆ ಬಿಟ್ಟವರ ಪಟ್ಟಿ 60 ದಿನ ಗ್ರೂಪಿನ ಒಳಗೆ ಎಲ್ಲರಿಗೂ ಕಾಣುವ ಹಾಗೆ ಉಳಿದಿರುತ್ತದೆ. ಮತ್ತೆ, ನಿಮ್ಮನ್ನು ಹುಡುಕಿ ಸೇರಿಸಿದವರೇ ಆ ಅಡ್ಮಿನ್. ಸೇರಿಸಿದ ಹತ್ತು ನಿಮಿಷಕ್ಕೆ ಎದ್ದು ಹೋದರೆ ಅವರ ಮುಖಕ್ಕೇ ಬಾಗಿಲು ಹಾಕಿದ ಹಾಗಾಗುತ್ತದೆ. ಆಮೇಲೆ ಎಷ್ಟು ಪ್ರೀತಿಯಿಂದ ಮಾತಾಡಿದರೂ ಆ ಬಾಗಿಲಿನ ಸದ್ದು ಅವರ ಕಿವಿಯಿಂದ ಹೋಗುವುದಿಲ್ಲ.

ಓದಿ ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ ಅಂದುಕೊಳ್ಳಬೇಡಿ. ನಿಮ್ಮ ಫೋನಿನಲ್ಲಿ ನೀಲಿ ಗೆರೆ ಆಫ್ ಮಾಡಿದ್ದರೂ ಅದು ಗ್ರೂಪುಗಳಿಗೆ ಅನ್ವಯಿಸುವುದಿಲ್ಲ. ಮೆಸೇಜ್ ಕಳಿಸಿದವರು ಅದರ ಮೇಲೆ ಒತ್ತಿ ಹಿಡಿದು Info ನೋಡಿದರೆ ಯಾರ‍್ಯಾರು ಓದಿದ್ದಾರೆ ಅಂತ ಹೆಸರು ಸಮೇತ ಬರುತ್ತದೆ. ಸಂಘಟಕರು ಅದನ್ನು ನೋಡಿಯೇ ನೋಡುತ್ತಾರೆ, ಅವರಿಗೆ ತಲೆ ಎಣಿಸುವ ಕೆಲಸ ಇದೆಯಲ್ಲ.

ಸದ್ಯಕ್ಕೆ Mute notifications ಒತ್ತಿ Always ಆರಿಸಿಟ್ಟರೆ ಸಾಕು. ‘ಯಾರ‍್ಯಾರು ಬರ್ತೀರಿ’ ಅಂತ ಪೋಲ್ ಹಾಕಿದ್ದರೆ ಅದರಲ್ಲಿ ‘ಬರಬಹುದು’ ಅನ್ನುವುದನ್ನು ಮುಟ್ಟಬೇಡಿ. ಯಾರು ಏನು ಒತ್ತಿದರು ಅನ್ನುವುದು ಎಲ್ಲರಿಗೂ ಕಾಣುತ್ತದೆ, ಮತ್ತೆ ಅಂಥ ಪಟ್ಟಿಯಲ್ಲಿ ‘ಬರಬಹುದು’ ಅಂದರೆ ಬರುತ್ತಾರೆ ಅಂತಲೇ ಲೆಕ್ಕ.

‘ನೋಡೋಣ’ ಅನ್ನುವ ಮಾತು

ನಾನು ತಪ್ಪಿದ್ದು ಇಲ್ಲೇ. ಮಾರನೆಯ ದಿನ ಒಬ್ಬ ಫೋನ್ ಮಾಡಿದ. ಬಿ ಸೆಕ್ಷನ್ನಿನ ಹಿಂದಿನ ಬೆಂಚಿನವನು, ಈಗ ಊರಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಇಡೀ ಕಾರ್ಯಕ್ರಮ ಅವನ ಹೆಗಲ ಮೇಲೆ. ‘ಬರ್ತೀಯಾ ತಾನೇ?’ ಅಂದ. ನಾನು ‘ನೋಡೋಣ, ಪ್ರಯತ್ನ ಮಾಡ್ತೀನಿ’ ಅಂದೆ.

ನಮ್ಮ ಕಡೆ ‘ನೋಡೋಣ’ ಅಂದರೆ ಹೇಳುವವರ ಮನಸ್ಸಿನಲ್ಲಿ ಇಲ್ಲ ಅಂತಲೇ ಇರುತ್ತದೆ. ದಿನಾ ನೋಡುವವರ ನಡುವೆ ಅದು ಸರಿಯಾಗಿಯೇ ಅರ್ಥವಾಗುತ್ತದೆ. ಮುಖ ನೋಡುತ್ತಾರೆ, ದನಿ ಗೊತ್ತಿರುತ್ತದೆ, ಹಿಂದೆ ಎಷ್ಟು ‘ನೋಡೋಣ’ಗಳು ಏನಾದವು ಅನ್ನುವ ಲೆಕ್ಕವೂ ಇರುತ್ತದೆ. ಇಪ್ಪತ್ತೇಳು ವರ್ಷ ಮಾತಿಲ್ಲದವನ ಹತ್ತಿರ ಆ ಲೆಕ್ಕ ಎಲ್ಲಿಂದ ಬರಬೇಕು? ಅವನು ಕೇಳಿಸಿಕೊಂಡದ್ದು ‘ಪ್ರಯತ್ನ ಮಾಡ್ತೀನಿ’ ಅನ್ನುವುದನ್ನು. ಅದೇ ಸಂಜೆ ಗ್ರೂಪಿನಲ್ಲಿ ನನ್ನ ಹೆಸರಿನ ಮುಂದೆ ಟಿಕ್ ಬಿತ್ತು. ಮೂವರು ‘ಅವಳು ಬಂದ್ರೆ ನಾನೂ ಬರ್ತೀನಿ’ ಅಂತ ಬರೆದರು.

ದಿನ ಕಳೆದಷ್ಟೂ ಆ ‘ನೋಡೋಣ’ಕ್ಕೆ ಬೆಲೆ ಏರುತ್ತದೆ. ಮೊದಲು ಟೀ ಶರ್ಟಿಗೆ ಆರ್ಡರ್ ಹೋಗುತ್ತದೆ. ಆಮೇಲೆ ಎಲ್ಲರ ಫೋಟೋ ಇರುವ ಫ್ಲೆಕ್ಸು ಅಚ್ಚಿಗೆ ಹೋಗುತ್ತದೆ. ಕೊನೆಯ ಎರಡು ಮೂರು ದಿನದಲ್ಲಿ ಅಡುಗೆಯವರಿಗೆ ಎಲೆ ಲೆಕ್ಕ ಕೊಡುತ್ತಾರೆ. ನೀವು ಇಲ್ಲ ಅನ್ನುವುದು ಮೊದಲನೆಯದಕ್ಕಿಂತ ಮುಂಚೆ ಆದರೆ ಅದು ಬರೀ ಒಂದು ಸುದ್ದಿ. ಫ್ಲೆಕ್ಸ್ ಆದ ಮೇಲೆ ಅದು ಕೈ ಕೊಟ್ಟ ಹಾಗೆ. ಹಿಂದಿನ ರಾತ್ರಿ ಹೇಳಿದರಂತೂ ಮುಂದಿನ ಹತ್ತು ವರ್ಷ ಆಡಿಕೊಳ್ಳುವುದಕ್ಕೆ ಒಂದು ವಿಷಯ. ಹಾಗಾಗಿ ಕರೆ ಬಂದ ನಾಲ್ಕೈದು ದಿನದೊಳಗೆ ಹೇಳಿ ಮುಗಿಸಿ. ನಾನು ‘ನೋಡೋಣ’ದ ಒಂಬತ್ತನೆಯ ದಿನಕ್ಕೆ ಹೇಳಿದೆ. ಪುಣ್ಯಕ್ಕೆ ಟೀ ಶರ್ಟಿನ ಆರ್ಡರ್ ಇನ್ನೂ ಹೋಗಿರಲಿಲ್ಲ.

ಯಾವ ಕಾರಣ ಕೊಡುವುದು

ಕಾರಣ ಕೊಟ್ಟರೆ ಅದನ್ನು ಬಗೆಹರಿಸುವುದಕ್ಕೆ ಜನ ನಿಂತುಬಿಡುತ್ತಾರೆ. ಇದು ಪ್ರೀತಿಯಿಂದಲೇ ಆಗುವುದು. ‘ಅವತ್ತು ನಮ್ಮನೇಲಿ ಗೃಹಪ್ರವೇಶ’ ಅಂದರೆ ‘ಹಂಗಾದ್ರೆ ಒಂದು ವಾರ ಮುಂದಕ್ಕೆ ಹಾಕೋಣ್ವಾ?’ ಅನ್ನುತ್ತಾರೆ. ‘ಬಸ್ಸು ಆಗಿಬರಲ್ಲ’ ಅಂದರೆ ಬೆಂಗಳೂರಿನಿಂದ ಬರುವ ಇನ್ಯಾರದೋ ಕಾರಿನಲ್ಲಿ ನಿಮಗೊಂದು ಸೀಟು ಸಿದ್ಧವಾಗುತ್ತದೆ. ‘ಹುಷಾರಿಲ್ಲ’ ಅಂದರಂತೂ ಮುಗಿಯಿತು, ಎರಡು ತಿಂಗಳ ಮುಂಚೆಯೇ ಡಿಸೆಂಬರಿಗೆ ಹುಷಾರು ತಪ್ಪುವುದು ಎಂಥ ಕಾಯಿಲೆ ಅಂತ ಗಾಬರಿಯಾಗಿ ಹಣ್ಣು ಹಿಡಿದು ಮನೆಗೇ ಬರುತ್ತಾರೆ. ಸುಳ್ಳಾದರೆ ಇನ್ನೂ ಕಷ್ಟ. ನಮ್ಮ ತಾಲ್ಲೂಕಿನಂಥ ಕಡೆ ನಿಮ್ಮ ನಾದಿನಿಯ ಓರಗಿತ್ತಿ ಯಾರದೋ ಪಕ್ಕದ ಮನೆಯಲ್ಲಿರುತ್ತಾಳೆ. ನನ್ನ ನಂಬರು ಅವರಿಗೆ ಸಿಕ್ಕಿದ್ದೂ ಇಂಥದೇ ದಾರಿಯಿಂದ.

ಹಾಗಂತ ಎದೆಯೊಳಗಿನದನ್ನೆಲ್ಲ ಬಿಚ್ಚಿಡಬೇಕಾಗಿಯೂ ಇಲ್ಲ. ನನ್ನ ನಿಜವಾದ ಕಾರಣ ಇಷ್ಟು: ಹತ್ತನೇ ಕ್ಲಾಸಿನಲ್ಲಿರುವಾಗ ನಮ್ಮಪ್ಪ ತೀರಿಕೊಂಡರು. ಆ ಶಾಲೆ ಅಂದರೆ ನನಗೆ ಆ ವರ್ಷ. ಆ ಅಂಗಳದಲ್ಲಿ ಟೀ ಶರ್ಟ್ ಹಾಕಿಕೊಂಡು ಸೆಲ್ಫಿಗೆ ನಿಲ್ಲುವುದು ನನ್ನಿಂದ ಆಗುವುದಿಲ್ಲ. ಇದನ್ನು ಐವತ್ತು ಜನರ ಗ್ರೂಪಿನಲ್ಲಿ ಹಾಕಿದ್ದರೆ ಐವತ್ತು ಕೈಮುಗಿದ ಇಮೋಜಿ ಬರುತ್ತಿದ್ದವು, ಅವರ ಹಬ್ಬಕ್ಕೆ ನನ್ನ ಸೂತಕ ತಂದಿಟ್ಟ ಹಾಗಾಗುತ್ತಿತ್ತು.

ನಾನು ಕಂಡುಕೊಂಡ ದಾರಿ ಅಂದರೆ ಕಾರಣವನ್ನು ಎರಡು ಪಾಲು ಮಾಡುವುದು. ಫೋನಿನಲ್ಲಿ ಒಬ್ಬರಿಗೆ, ಅರ್ಥವಾಗುವವರಿಗೆ, ಒಂದು ವಾಕ್ಯದಷ್ಟು ನಿಜ. ಗ್ರೂಪಿನಲ್ಲಿ ಕಾರಣವೇ ಇಲ್ಲದ, ಆದರೆ ಮುಗಿದ ಮಾತು. ‘ಈ ಸಲ ಬರೋಕಾಗ್ತಿಲ್ಲ’ ಅನ್ನುವುದು ಪೂರ್ತಿ ವಾಕ್ಯ, ಅದಕ್ಕೆ ‘ಯಾಕಂದ್ರೆ’ ಅಂತ ಬಾಲ ಬೇಕಿಲ್ಲ. ‘ಬರಲ್ಲ’ ಅಂದರೆ ಹಟದ ಹಾಗೆ ಕೇಳುತ್ತದೆ, ‘ಬರೋಕಾಗಲ್ಲ’ ಅಂದರೆ ಕೈಮೀರಿದ ಹಾಗೆ. ಎರಡನೆಯದನ್ನೇ ಬಳಸಿ. ಮನಸ್ಸು ಒಪ್ಪದೆ ಇರುವುದೂ ಆಗದೆ ಇರುವುದೇ ಅಲ್ಲವೇ?

ಶಾಲೆಯಲ್ಲಿ ಯಾರಾದರೂ ನಿಮ್ಮನ್ನು ನಿಜವಾಗಿ ನೋಯಿಸಿದ್ದರೆ, ಜಾತಿ ಹಿಡಿದು ದೂರ ಕೂರಿಸಿದ್ದರೆ, ಅಂಥದನ್ನು ಸಮ್ಮಿಲನದ ಉತ್ತರದಲ್ಲಿ ತೀರಿಸಿಕೊಳ್ಳಲು ಹೋಗಬೇಡಿ. ಆ ಮಾತು ಆಡಲೇಬೇಕಾದ್ದೇ ಇರಬಹುದು. ಆದರೆ ಅದು ಆ ಒಬ್ಬರ ಹತ್ತಿರ ಆಡುವ ಮಾತು, ಕುರ್ಚಿ ಶಾಮಿಯಾನದ ಲೆಕ್ಕ ಹಾಕುತ್ತಿರುವವರ ಹತ್ತಿರ ಅಲ್ಲ.

ಮೊದಲು ಫೋನು, ಆಮೇಲೆ ಗ್ರೂಪು

ನಿಮ್ಮನ್ನು ಹುಡುಕಿದವರು ಯಾರು ಅಂತ ತಿಳಿದುಕೊಂಡು ಅವರಿಗೆ ನೀವೇ ಫೋನ್ ಮಾಡಿ. ಅವರಾಗಿ ಮಾಡುವವರೆಗೆ ಕಾಯಬೇಡಿ, ಯಾಕೆಂದರೆ ಅವರು ಮಾಡಿದಾಗ ಅವರದ್ದು ಕೇಳುವ ಸರದಿ, ನಿಮ್ಮದು ತಪ್ಪಿಸಿಕೊಳ್ಳುವ ಸರದಿ ಆಗಿಬಿಡುತ್ತದೆ. ಅಂಗಡಿಯವನಾದರೆ ಮಧ್ಯಾಹ್ನ ಊಟದ ನಂತರ ಗಿರಾಕಿ ಕಡಿಮೆ ಇರುವ ಹೊತ್ತು ಒಳ್ಳೆಯದು.

ಮಾತು ಶುರುವಾಗುವ ಮುಂಚೆಯೇ ಒಂದು ತೊಡಕು: ನೀನು ಅನ್ನುವುದೋ, ನೀವು ಅನ್ನುವುದೋ? ನಮ್ಮ ಕಾಲದ ಕನ್ನಡ ಮೀಡಿಯಂ ಶಾಲೆಯಲ್ಲಿ ಹುಡುಗರೂ ಹುಡುಗಿಯರೂ ಒಬ್ಬರಿಗೊಬ್ಬರು ಮಾತಾಡುತ್ತಿದ್ದದ್ದೇ ಅಪರೂಪ, ಹೆಸರು ಹಿಡಿದು ಕರೆದರೆ ಹೆಚ್ಚು. ಈಗ ನಲವತ್ತು ದಾಟಿದ ಮೇಲೆ ಏನಂತ ಕರೆಯುವುದು? ಅವರು ಹಿಡಿದ ದಾರಿಯನ್ನೇ ಹಿಡಿಯಿರಿ ಅನ್ನುವುದು ನನ್ನ ಅನುಭವ. ಅವನು ‘ನೀನು’ ಅಂದಮೇಲೆ ನಾನು ‘ನಿಮ್ಮ ಆಹ್ವಾನಕ್ಕೆ ಧನ್ಯವಾದಗಳು’ ಅಂದಿದ್ದರೆ, ಬರುವುದಿಲ್ಲ ಅನ್ನುವುದಕ್ಕಿಂತ ಆ ‘ನಿಮ್ಮ’ ಅನ್ನುವುದೇ ಅವನಿಗೆ ಹೆಚ್ಚು ಚುಚ್ಚುತ್ತಿತ್ತು. ಅವರು ‘ಮೇಡಂ’ ಅಂತ ಶುರು ಮಾಡಿದರೆ ಬಹುವಚನದಲ್ಲೇ ಇರಿ. ಅದರಲ್ಲೂ ಬೆಚ್ಚಗೆ ಮಾತಾಡಬಹುದು.

ಫೋನಿನಲ್ಲಿ ನಾನು ಹೇಳಿದ್ದು ಹೆಚ್ಚುಕಮ್ಮಿ ಹೀಗೆ:

‘ನಾನು ಕಣೋ. ಅಂಗಡೀಲಿ ಬಿಡುವಿದೆಯಾ? ಮೊದಲು ಒಂದು ಮಾತು, ಅವತ್ತು ನಾನು ನೋಡೋಣ ಅಂದೆನಲ್ಲ, ಅದು ತಪ್ಪಾಯ್ತು. ನನಗೆ ಬರೋಕಾಗಲ್ಲ. ನೀನು ಲೆಕ್ಕದಲ್ಲಿ ನನ್ನ ಹೆಸರು ಇಟ್ಕೋಬೇಡ ಅಂತಲೇ ಫೋನ್ ಮಾಡಿದೆ.’

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ‘ಯಾಕೇ? ಏನಾದ್ರೂ ಬೇಜಾರಾ?’

‘ಯಾರ ಮೇಲೂ ಬೇಜಾರಿಲ್ಲ. ಆ ವರ್ಷ ನಮ್ಮನೇಲಿ ಏನಾಯ್ತು ಅಂತ ನಿನಗೆ ಗೊತ್ತಲ್ಲ. ನೀನೇ ಸಮಾಜದ ನೋಟ್ಸ್ ತಂದು ಜಗಲಿ ಮೇಲಿಟ್ಟು, ಏನೂ ಮಾತಾಡದೆ ಹೋಗಿದ್ದೆ. ನನಗದು ಇವತ್ತಿಗೂ ನೆನಪಿದೆ. ಆದರೆ ಆ ಸ್ಕೂಲಿನ ಒಳಗೆ ಒಂದು ದಿನ ಇರೋದು ನನ್ನ ಕೈಲಿ ಆಗಲ್ಲ.’

‘ಅಯ್ಯೋ, ಅದು ನಿನಗೆ ನೆನಪಿದೆಯಾ? ನಾನೇ ಮರೆತಿದ್ದೆ.’

ಅಲ್ಲಿಂದ ಮುಂದೆ ಅವನು ಒತ್ತಾಯ ಮಾಡಲಿಲ್ಲ. ಇಪ್ಪತ್ತು ನಿಮಿಷ ಮಾತಾಡಿದೆವು, ಸಮ್ಮಿಲನದ ಬಗ್ಗೆ ಅಲ್ಲ.

ಇದರಲ್ಲಿ ಗಮನಿಸಬೇಕಾದ್ದು ಮಾತಿನ ಸರದಿ. ಇಲ್ಲ ಅನ್ನುವುದು ಮೊದಲ ಅರ್ಧ ನಿಮಿಷದಲ್ಲೇ ಬಂತು. ಸಾಮಾನ್ಯವಾಗಿ ನಾವು ಕುಶಲ ಕೇಳಿ, ಮಕ್ಕಳೆಷ್ಟು ಅಂತ ಕೇಳಿ, ನಕ್ಕು, ಅವರ ಮನಸ್ಸು ಅರಳಿದ ಮೇಲೆ ಕೊನೆಗೆ ‘ಆದರೆ ನಾನು…’ ಅಂತ ಎಳೆಯುತ್ತೇವೆ. ಆಗ ಅಷ್ಟು ಹೊತ್ತಿನ ಪ್ರೀತಿಯೆಲ್ಲ ಆ ಒಂದು ಮಾತಿಗೆ ಹಾಕಿದ ಪೀಠಿಕೆ ಅಂತ ಅವರಿಗೆ ಅನ್ನಿಸಿಬಿಡುತ್ತದೆ. ಮೊದಲೇ ಹೇಳಿಬಿಟ್ಟರೆ ಉಳಿದ ಮಾತೆಲ್ಲ ಬರೀ ಮಾತಾಗಿ ಉಳಿಯುತ್ತದೆ. ಇನ್ನೊಂದು, ಆ ನೋಟ್ಸಿನ ನೆನಪು. ‘ನಿಮ್ಮೆಲ್ಲರನ್ನೂ ತುಂಬಾ ಮಿಸ್ ಮಾಡ್ಕೊಳ್ತೀನಿ’ ಅಂತ ಯಾರು ಬೇಕಾದರೂ ಅನ್ನಬಹುದು, ಅದರಲ್ಲೂ ಇಪ್ಪತ್ತೇಳು ವರ್ಷ ಸುಳಿವಿಲ್ಲದವರು ಅಂದರೆ ನಗು ಬರುತ್ತದೆ. ಅವರಿಗೆ ಮಾತ್ರ ಸೇರಿದ ಒಂದು ಸಣ್ಣ ಸಂಗತಿ ಹುಡುಕಿಕೊಂಡು ಫೋನ್ ಎತ್ತಿ. ಏನೂ ನೆನಪಾಗದಿದ್ದರೆ ನಿಮ್ಮ ನಂಬರು ಹುಡುಕಲು ಅವರು ಯಾರ‍್ಯಾರನ್ನು ಕೇಳಿದರು ಅಂತ ವಿಚಾರಿಸಿ. ಆ ಕಥೆ ಹೇಳುವುದಕ್ಕೆ ಅವರಿಗೂ ಇಷ್ಟ, ಆ ಪಾಡಿಗೆ ಥ್ಯಾಂಕ್ಸ್ ಅಂದರೆ ಅದು ಸುಳ್ಳೂ ಅಲ್ಲ.

ಗ್ರೂಪಿಗೆ ಹಾಕುವ ನಾಲ್ಕು ಸಾಲು

ಫೋನ್ ಇಟ್ಟ ದಿನವೇ ಇದನ್ನು ಹಾಕಿ, ಇಲ್ಲದಿದ್ದರೆ ಸಂಘಟಕರು ನಿಮ್ಮ ಪರವಾಗಿ ಹೇಳಬೇಕಾಗುತ್ತದೆ, ಅವರ ಬಾಯಲ್ಲಿ ಅದು ಏನೇನೋ ಆಗುತ್ತದೆ. ನಾನು ಮೊದಲು ಬರೆದ ಕರಡು ಹೀಗಿತ್ತು: ‘ಅನಿವಾರ್ಯ ಕಾರಣಗಳಿಂದ ಕಾರ್ಯಕ್ರಮದಲ್ಲಿ ಭಾಗವಹಿಸಲು ಸಾಧ್ಯವಾಗುತ್ತಿಲ್ಲ ಎಂದು ತಿಳಿಸಲು ವಿಷಾದಿಸುತ್ತೇನೆ. ಕಾರ್ಯಕ್ರಮ ಯಶಸ್ವಿಯಾಗಲಿ ಎಂದು ಹಾರೈಸುತ್ತೇನೆ.’ ಓದಿದ ನನ್ನ ಮಗಳು ‘ಬ್ಯಾಂಕಿನಿಂದ ಬಂದಿದ್ದಾ?’ ಅಂದಳು. ಅಳಿಸಿ, ಮಾತಾಡುವ ಹಾಗೆ ಬರೆದೆ:

‘ಎಲ್ಲರಿಗೂ ನಮಸ್ಕಾರ. ಗ್ರೂಪಿಗೆ ಸೇರಿಸಿದ್ದಕ್ಕೆ ತುಂಬಾ ಖುಷಿಯಾಯ್ತು, ಅರ್ಧ ಜನರ ಡಿಪಿ ನೋಡಿ ಗುರುತೇ ಸಿಗಲಿಲ್ಲ! 29ಕ್ಕೆ ನನಗೆ ಬರೋಕಾಗ್ತಿಲ್ಲ, ದಯವಿಟ್ಟು ಲೆಕ್ಕದಲ್ಲಿ ನನ್ನ ಹೆಸರು ತೆಗೀರಿ. ನಾನು ಬಂದ್ರೆ ಬರ್ತೀನಿ ಅಂದವರು ದಯವಿಟ್ಟು ಹೋಗಿ, ನನ್ನ ಪಾಲಿನ ಹರಟೆ ನೀವೇ ಹೊಡೀರಿ. ಗಣಿತದ ಮೇಷ್ಟ್ರಿಗೆ ನಾನೇ ಫೋನ್ ಮಾಡಿ ಮಾತಾಡ್ತೀನಿ. ಫೋಟೋ ಹಾಕೋದು ಮರೀಬೇಡಿ.’

‘ಮುಂದಿನ ಸಲ ಖಂಡಿತ ಬರ್ತೀನಿ’ ಅಂತ ನಾನು ಬರೆಯಲಿಲ್ಲ. ಬರುವ ಮನಸ್ಸಿಲ್ಲದಿದ್ದರೆ ಬರೆಯಬೇಡಿ, ಅದು ತಡವಾಗಿ ಸಿಡಿಯುವ ‘ನೋಡೋಣ’. ಹಾಗೆಯೇ ಕ್ಷಮೆಯನ್ನು ಮೂರು ಮೂರು ಸಲ ಕೇಳಬೇಡಿ. ಹೆಚ್ಚು ಕೇಳಿದಷ್ಟೂ ಎದುರಿನವರು ಸಮಾಧಾನ ಮಾಡಬೇಕಾಗುತ್ತದೆ, ಆ ಸಮಾಧಾನದಲ್ಲೇ ಒತ್ತಾಯ ನುಸುಳಿ ಬರುತ್ತದೆ. ಊರಿಗೆ ತಕ್ಕ ಹಾಗೆ ಮಾತು ಬದಲಿಸಿಕೊಳ್ಳಿ. ಧಾರವಾಡದ ಕಡೆಯವರು ‘ಬರಾಕ ಆಗೂದಿಲ್ಲ’ ಅನ್ನಬೇಕು, ಕುಂದಾಪುರ ಮಂಗಳೂರಿನವರಿಗೆ ‘ಮಾರಾಯ’ ಇಲ್ಲದೆ ಇಂಥ ಮಾತು ಇಳಿಯುವುದೇ ಇಲ್ಲ. ಗ್ರೂಪಿನವರೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಒತ್ತುತ್ತಿದ್ದರೆ ನೀವೂ ಹಾಗೇ ಒತ್ತಿ, ತೊಂದರೆಯಿಲ್ಲ.

ವಾಯ್ಸ್ ಮೆಸೇಜ್ ಕಳಿಸುವ ಆಸೆಯಾದರೆ ಒಂದು ಎಚ್ಚರ. ಅದನ್ನು ಅವತ್ತು ಮೈಕಿಗೆ ಹಿಡಿದು ಎಲ್ಲರಿಗೂ ಕೇಳಿಸಬಹುದು. ಮೈಕಿನಲ್ಲಿ ಕೇಳಿಸಬಾರದ್ದನ್ನು ಅದರಲ್ಲಿ ಹೇಳಬೇಡಿ.

ಎರಡನೇ ಸುತ್ತಿನ ಒತ್ತಾಯ

ಇದು ಬಂದೇ ಬರುತ್ತದೆ. ನಮ್ಮಲ್ಲಿ ಒಂದು ಸಲಕ್ಕೆ ಬಿಟ್ಟುಬಿಟ್ಟರೆ ಕರೆದವರಿಗೇ ಮನಸ್ಸಿಲ್ಲ ಅಂತ ಅರ್ಥ, ಊಟಕ್ಕೆ ಇನ್ನೊಂದು ಹೋಳಿಗೆ ಹಾಕಿದ ಹಾಗೆ. ಹಾಗಾಗಿ ಎರಡನೆಯ ಕರೆಗೆ ಸಿಟ್ಟಾಗಬೇಡಿ. ಹೊಸ ಕಾರಣವನ್ನೂ ಹುಡುಕಬೇಡಿ. ಮೊದಲು ಹೇಳಿದ ಮಾತನ್ನೇ ಅದೇ ನಗುವಿನಲ್ಲಿ ಮತ್ತೆ ಹೇಳಿ. ‘ಇಲ್ಲ ಕಣೇ, ಬರೋಕಾಗಲ್ಲ. ನೀನು ಹೋಗ್ತಿದ್ದೀಯಲ್ಲ, ಯಾವ ಸೀರೆ?’ ಕಾರಣ ಬದಲಾದರೆ ಮೊದಲನೆಯದು ಸುಳ್ಳಾಗಿತ್ತು ಅಂತ ಆಗುತ್ತದೆ.

ಹೆಂಗಸರಿಗೆ ಇನ್ನೊಂದು ಪ್ರಶ್ನೆ ಕಾದಿರುತ್ತದೆ: ‘ಮನೇಲಿ ಬಿಡಲ್ವಾ?’ ಸುಲಭದ ದಾರಿ ಅಂತ ಅನ್ನಿಸುತ್ತದೆ, ಹೂಂ ಅಂದರೆ ಮುಗಿಯಿತು. ಅನ್ನಬೇಡಿ. ನನ್ನ ಒಬ್ಬ ಗೆಳತಿ ಹೀಗೆ ಹೂಂಗುಟ್ಟಿದ್ದಕ್ಕೆ ಅವಳ ಹಳೇ ಕ್ಲಾಸಿನವರು ಗಂಡನ ನಂಬರು ಹುಡುಕಿ ‘ಸಾರ್, ಒಂದು ದಿನ ಕಳಿಸಿಕೊಡಿ’ ಅಂತ ಕೇಳಿದರು. ಏನೂ ಗೊತ್ತಿಲ್ಲದ ಆ ಪುಣ್ಯಾತ್ಮ ‘ಧಾರಾಳವಾಗಿ ಹೋಗಿಬರಲಿ’ ಅಂದ. ಅವಳು ಹೋಗಬೇಕಾಯಿತು. ‘ಮನೇಲಿ ಯಾರೂ ಬೇಡ ಅಂದಿಲ್ಲ, ನಾನೇ ಬೇಡ ಅಂದ್ಕೊಂಡೆ’ ಅಂತ ಹೇಳುವುದೇ ವಾಸಿ.

ಅಚ್ಚು ಹಾಕಿಸಿದ ಆಹ್ವಾನ ಪತ್ರಿಕೆ ಹಿಡಿದು ಮನೆಗೇ ಬಂದರೆ? ಕೂರಿಸಿ, ಕಾಫಿ ಕೊಡಿ, ಪತ್ರಿಕೆಯನ್ನು ಎರಡು ಕೈಯಲ್ಲಿ ತೆಗೆದುಕೊಳ್ಳಿ. ತೆಗೆದುಕೊಂಡರೆ ಬರುತ್ತೇನೆ ಅಂತ ಅರ್ಥವಲ್ಲ, ತೆಗೆದುಕೊಳ್ಳದಿದ್ದರೆ ಮಾತ್ರ ಅವಮಾನ. ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಮ್ಮೆ ಹೇಳಿ: ‘ನೀವು ಬಂದಿದ್ದು ಸಂತೋಷ. 29ಕ್ಕೆ ಮಾತ್ರ ನನ್ನನ್ನ ಕಾಯಬೇಡಿ.’ ಕಾಫಿಯ ನಡುವೆ ಹೇಳಿದರೆ ಅದನ್ನೇ ಹಿಡಿದುಕೊಂಡು ಕೂರುತ್ತಾರೆ.

ವಂತಿಗೆ ಮತ್ತು ಮೇಷ್ಟ್ರು

ದುಡ್ಡು ಕಳಿಸುವುದೇ? ನನ್ನ ಅಭಿಪ್ರಾಯ ಹೀಗೆ. ಬರುವುದಿಲ್ಲ ಅಂತ ಹೇಳುವ ಮುಂಚೆ ಕಳಿಸಬೇಡಿ, ಫೋನ್‌ಪೇಯಲ್ಲಿ ದುಡ್ಡು ಬಿದ್ದರೆ ನೀವು ಬಂದ ಹಾಗೇ ಲೆಕ್ಕ. ಹೇಳಿದ ಮರುಕ್ಷಣವೂ ಬೇಡ, ದಂಡ ಕಟ್ಟಿದ ಹಾಗೆ ಕಾಣುತ್ತದೆ. ಎರಡು ಮೂರು ವಾರ ಬಿಟ್ಟು, ಗುರುವಂದನೆಯ ಶಾಲು, ಹಾರ, ಫಲತಾಂಬೂಲದ ಖರ್ಚಿಗೆ ಅಂತ ಹೇಳಿ ಕೈಲಾದಷ್ಟು ಸಂಘಟಕರಿಗೆ ಕಳಿಸಬಹುದು. ಕಳಿಸಿದ್ದನ್ನು ಗ್ರೂಪಿನಲ್ಲಿ ಹಾಕಬೇಡಿ ಅಂತಲೂ ಹೇಳಿ. ಕಳಿಸದಿದ್ದರೂ ತಪ್ಪಿಲ್ಲ.

ಮೇಷ್ಟ್ರ ವಿಷಯ ಬೇರೆ. ಗೆಳೆಯರು ಇನ್ನೊಂದು ಸಲ ಸಿಕ್ಕಾರು, ಮೇಷ್ಟ್ರಿಗೆ ಆಗಲೇ ಎಂಬತ್ತು ಹತ್ತಿರ. ಸಮ್ಮಿಲನಕ್ಕೆ ಹೋಗದಿರುವುದು ಬೇರೆ, ಅವರನ್ನು ತಪ್ಪಿಸುವುದು ಬೇರೆ ಅನ್ನುವುದು ಗೆಳೆಯರಿಗೂ ಕಾಣಬೇಕು. ಸಂಘಟಕರಿಂದ ನಂಬರು ಕೇಳಿ ಕಾರ್ಯಕ್ರಮಕ್ಕಿಂತ ಮುಂಚೆಯೇ ಫೋನ್ ಮಾಡಿ. ಹೆಸರು, ಇಸವಿ, ಸೆಕ್ಷನ್, ನಿಮ್ಮ ತಂದೆ ಯಾರು ಅನ್ನುವುದನ್ನು ಅವರು ಕೇಳುವ ಮೊದಲೇ ಹೇಳಿ, ‘ನಾನು ಯಾರು ಹೇಳಿ ಸಾರ್’ ಅಂತ ಪರೀಕ್ಷೆ ಮಾಡಬೇಡಿ. ನಮ್ಮ ಗಣಿತದ ಮೇಷ್ಟ್ರು ನಮ್ಮಪ್ಪನ ಹೆಸರು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಓದು ಬಿಡಲಿಲ್ಲ ತಾನೇ?’ ಅಂದರು. ಬಿಡಲಿಲ್ಲ ಸಾರ್ ಅಂದೆ.

ಆ ದಿನ

ಹನ್ನೆರಡರಿಂದ ಒಂದೂವರೆಯವರೆಗೆ, ಸನ್ಮಾನ ಮುಗಿದು ಊಟಕ್ಕೆ ಕೂರುವ ನಡುವೆ, ವಿಡಿಯೋ ಕಾಲ್ ಬರುವ ಸಾಧ್ಯತೆ ಹೆಚ್ಚು. ಎತ್ತಬೇಕೋ ಬೇಡವೋ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ. ನಾನು ಎತ್ತಿದೆ. ಮೂರು ನಿಮಿಷ, ಫೋನು ಕೈಯಿಂದ ಕೈಗೆ ಹೋಯಿತು, ಅರ್ಧ ಹೊತ್ತು ಯಾರದೋ ಕಿವಿ, ಯಾರದೋ ಶಾಮಿಯಾನ. ಎಲ್ಲರಿಗೂ ಕೈ ಬೀಸಿ ‘ಊಟ ಆರುತ್ತೆ ಹೋಗಿ’ ಅಂದು ನಾನೇ ಇಟ್ಟೆ. ಎತ್ತಲು ಮನಸ್ಸಿಲ್ಲದಿದ್ದರೆ ಬಿಡಿ, ಸಂಜೆ ‘ಈಗ ನೋಡಿದೆ’ ಅಂತ ಒಂದು ಮೆಸೇಜ್ ಹಾಕಿ.

ಫೋಟೋಗಳು ಬಂದಾಗ ಬರೀ ಹೆಬ್ಬೆರಳು ಒತ್ತುವ ಬದಲು ಯಾವುದಾದರೂ ಒಂದು ಫೋಟೋ ಹಿಡಿದು ಒಂದು ಸಾಲು ಬರೆಯಿರಿ. ಗ್ರೂಪ್ ಬಿಡುವುದಿದ್ದರೆ ಒಂದೆರಡು ವಾರ ಕಳೆದ ಮೇಲೆ, ಅದು ಗುಡ್ ಮಾರ್ನಿಂಗ್ ಚಿತ್ರಗಳಿಗೆ ಇಳಿದ ಮೇಲೆ ಬಿಡಿ, ಆಗ ಒಬ್ಬೊಬ್ಬರಾಗಿ ಬಿಡುವವರು ಬೇಕಾದಷ್ಟು ಜನ ಇರುತ್ತಾರೆ. ನಾನು ಬಿಡದೆ Archive ಮಾಡಿಟ್ಟಿದ್ದೇನೆ.

ಅವತ್ತು ರಾತ್ರಿ ಹಾರ್ಡ್‌ವೇರ್ ಅಂಗಡಿಯವನು ಫೋನ್ ಮಾಡಿದ್ದ. ಗಂಟಲು ಪೂರ್ತಿ ಕೂತಿತ್ತು. ಬರುತ್ತೇನೆ ಅಂದವರಲ್ಲಿ ಹನ್ನೊಂದು ಜನ ಬರಲೇ ಇಲ್ಲವಂತೆ, ಒಬ್ಬರೂ ಹೇಳಿರಲಿಲ್ಲವಂತೆ. ಹೋಳಿಗೆ ಎರಡು ಡಬ್ಬಿ ಉಳಿದು ಹಾಸ್ಟೆಲ್ಲಿಗೆ ಕೊಟ್ಟು ಬಂದನಂತೆ. ‘ಅದರಲ್ಲಿ ನಿನ್ನದು ಒಂದೂ ಇರಲಿಲ್ಲ’ ಅಂದ.